12 ಲಕ್ಷ ನನ್ನದು, ವೋಟು ಮಾತ್ರ ಒಂದೇನಾ?

ಪ್ರಶ್ನೆ: ನಾವು ಮೂವರು ಸ್ಟ್ರಕ್ಚರಲ್ ಎಂಜಿನಿಯರುಗಳು ಸೇರಿ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ, ಮಾಡುತ್ತಿದ್ದೇವೆ. ನಾನು 12 ಲಕ್ಷ ಹಾಕುತ್ತೇನೆ, ನನ್ನ ಕಾಲೇಜು ಗೆಳೆಯ 3 ಲಕ್ಷ. ಹಳೇ ಆಫೀಸಿನ ಸೀನಿಯರ್ ಮೇಡಂ ದುಡ್ಡು ಹಾಕುವುದಿಲ್ಲ, ಆದರೆ ಕ್ಲೈಂಟುಗಳು ಬರುವುದೇ ಅವರಿಂದ. ರಿಜಿಸ್ಟ್ರೇಶನ್ ಮಾಡಿಕೊಡುವವರು ಕಳಿಸಿದ ಅಗ್ರಿಮೆಂಟಿನಲ್ಲಿ “ಮೂವರೂ ಸಮಾನ ಪಾಲುದಾರರು” ಅಂತ ಒಂದೇ ಸಾಲಿದೆ. ಹಣ ಜಾಸ್ತಿ ಹಾಕಿದವನ ಮಾತು ನಡೆಯುತ್ತೆ ಅಲ್ವಾ? ನಾಳೆ ಒಬ್ಬರು ಬಿಟ್ಟು ಹೋದರೆ ಎಷ್ಟು ಕೊಡಬೇಕು? ಎಲ್‌ಎಲ್‌ಪಿ ಆದ್ದರಿಂದ ನಮ್ಮ ಸ್ವಂತ ಆಸ್ತಿಗೆ ಯಾವ ಭಯವೂ ಇಲ್ಲ ಅಂತಾರೆ, ನಿಜವಾ?

ಉತ್ತರ:

ಮೊದಲನೆಯದಕ್ಕೆ ಉತ್ತರ: ಇಲ್ಲ, ನಡೆಯುವುದಿಲ್ಲ. 2008ರ ಎಲ್‌ಎಲ್‌ಪಿ ಕಾಯ್ದೆಯ ಕೊನೆಯಲ್ಲಿ ಮೊದಲನೇ ಅನುಸೂಚಿ ಅಂತ ಒಂದು ಸಣ್ಣ ಪಟ್ಟಿ ಇದೆ. ನಿಮ್ಮ ಅಗ್ರಿಮೆಂಟ್ ಯಾವ ವಿಷಯದಲ್ಲಿ ಬಾಯಿ ಬಿಡುವುದಿಲ್ಲವೋ ಆ ವಿಷಯದಲ್ಲಿ ಈ ಪಟ್ಟಿಯೇ ನಿಮ್ಮ ಅಗ್ರಿಮೆಂಟ್. ಅದರ ಪ್ರಕಾರ ಒಬ್ಬ ಪಾರ್ಟ್ನರಿಗೆ ಒಂದು ವೋಟು. ತೀರ್ಮಾನ ಆಗುವುದು ತಲೆ ಎಣಿಕೆಯ ಬಹುಮತದಿಂದ, ಹಣದಿಂದಲ್ಲ. ಅಂದರೆ ಗೆಳೆಯ ಮತ್ತು ಮೇಡಂ ಒಟ್ಟಾದರೆ ನಿಮ್ಮ 12 ಲಕ್ಷ ಎಲ್ಲಿ ಖರ್ಚಾಗಬೇಕು ಅನ್ನುವುದನ್ನು ಅವರಿಬ್ಬರೇ ತೀರ್ಮಾನಿಸಬಹುದು. ವ್ಯವಹಾರದ ಸ್ವರೂಪ ಬದಲಿಸುವುದಕ್ಕೆ, ಹೊಸ ಪಾರ್ಟ್ನರ್ ಸೇರಿಸುವುದಕ್ಕೆ ಮಾತ್ರ ಎಲ್ಲರ ಒಪ್ಪಿಗೆ ಬೇಕು.

ಅದೇ ಪಟ್ಟಿಯಲ್ಲಿ ನಿಮಗೆ ಇನ್ನೂ ಹೆಚ್ಚು ಚುಚ್ಚುವ ಮಾತೊಂದಿದೆ. ಲಾಭ ನಷ್ಟ ಮಾತ್ರವಲ್ಲ, ಬಂಡವಾಳದಲ್ಲೂ ಎಲ್ಲರಿಗೂ ಸಮಪಾಲು ಅನ್ನುತ್ತದೆ ಅದು. ಒಬ್ಬರು ಬಿಟ್ಟು ಹೋಗುವಾಗ ಅವರು ನಿಜವಾಗಿ ಹಾಕಿದ ಬಂಡವಾಳ ವಾಪಸ್ ಕೊಡಬೇಕು ಅಂತ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ, ಅದು ಸರಿ. ಆದರೆ ಯಾರೂ ಬಿಟ್ಟು ಹೋಗದೆ ಸಂಸ್ಥೆಯನ್ನೇ ಮುಚ್ಚುವ ದಿನ ಬಂದರೆ? “ಮೂವರೂ ಸಮಾನ” ಅಂತ ನೀವೇ ಸಹಿ ಹಾಕಿದ ಕಾಗದ ಹಿಡಿದುಕೊಂಡು, 15 ಲಕ್ಷದಲ್ಲಿ ತಲಾ 5 ಲಕ್ಷ ಅಂತ ಯಾರಾದರೂ ವಾದ ಮಾಡಿದರೆ ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಆ ಒಂದು ಸಾಲನ್ನು ಮೊದಲು ತೆಗೆಯಿರಿ. ಯಾವುದರಲ್ಲಿ ಸಮಾನ, ಲಾಭದಲ್ಲೋ, ವೋಟಿನಲ್ಲೋ, ಬಂಡವಾಳದಲ್ಲೋ? ಈ ಮೂರೂ ಬೇರೆ ಬೇರೆ. ಒಂದೊಂದಕ್ಕೂ ಬೇರೆ ಅನುಪಾತ ಇಟ್ಟುಕೊಳ್ಳಲು ಕಾನೂನು ಪೂರ್ತಿ ಬಿಟ್ಟುಕೊಟ್ಟಿದೆ. ನನ್ನ ಹತ್ತಿರ ಬರುವ ಪಾರ್ಟ್ನರ್ ಜಗಳಗಳಲ್ಲಿ ಬಹಳಷ್ಟು ಇವು ಮೂರನ್ನೂ ಒಂದೇ ಶೇಕಡಾವಾರಿಗೆ ಕಟ್ಟಿಹಾಕಿದ್ದರಿಂದಲೇ ಶುರುವಾಗಿರುತ್ತವೆ.

ಈಗ ಬಂಡವಾಳ. ನಿಮ್ಮ 12 ಲಕ್ಷ ಪೂರ್ತಿ ಬಂಡವಾಳವೇ ಆಗಬೇಕಾ ಅಂತ ಮೊದಲು ಕೇಳಿಕೊಳ್ಳಿ. ನನ್ನ ಸಲಹೆ, ಬೇಡ. ಗೆಳೆಯ ಹಾಕುವಷ್ಟೇ 3 ಲಕ್ಷ ನೀವೂ ಬಂಡವಾಳವಾಗಿ ಹಾಕಿ, ಉಳಿದ 9 ಲಕ್ಷವನ್ನು ಎಲ್‌ಎಲ್‌ಪಿಗೆ ಸಾಲವಾಗಿ ಕೊಡಿ. ಸಾಲಕ್ಕೆ ವಾಪಸಾತಿಯ ದಿನಾಂಕ ಇರುತ್ತದೆ, ಬಡ್ಡಿ ಇರುತ್ತದೆ. ಹಣ ವಾಪಸ್ ಬೇಕು ಅಂದರೆ ಸಂಸ್ಥೆ ಬಿಟ್ಟೇ ಹೋಗಬೇಕು ಅನ್ನುವ ಪರಿಸ್ಥಿತಿ ಬರುವುದಿಲ್ಲ. ಬಂಡವಾಳ ಹಾಗಲ್ಲ, ಅದು ಒಳಗೆ ಕೂತರೆ ಕೂತಿತು. ಇನ್ನೊಂದು ಸಣ್ಣ ಲಾಭವೂ ಇದೆ. ಸ್ಟಾಂಪ್ ಶುಲ್ಕ ಮತ್ತು ಫೈಲಿಂಗ್ ಶುಲ್ಕ ಸಾಮಾನ್ಯವಾಗಿ ಬಂಡವಾಳದ ಮೊತ್ತ ನೋಡಿಕೊಂಡು ಏರುತ್ತವೆ. ಬಂಡವಾಳ 25 ಲಕ್ಷ ದಾಟಿದರೆ ವಹಿವಾಟು ಕಡಿಮೆ ಇದ್ದರೂ ಎಲ್‌ಎಲ್‌ಪಿ ಕಾಯ್ದೆಯಡಿ ಆಡಿಟ್ ಕಡ್ಡಾಯ. ವಹಿವಾಟು 40 ಲಕ್ಷ ದಾಟಿದರೂ ಅಷ್ಟೇ, ಆದರೆ ಅದನ್ನು ತಪ್ಪಿಸಿಕೊಳ್ಳಲು ಯಾರೂ ಕೆಲಸ ಕಡಿಮೆ ಮಾಡುವುದಿಲ್ಲವಲ್ಲ.

ಸಾಲದ ದಾರಿಯಲ್ಲಿ ಅಪಾಯ ಇಲ್ಲ ಅಂತಲ್ಲ. ಸಂಸ್ಥೆ ಬ್ಯಾಂಕಿನಿಂದ ಸಾಲ ಕೇಳಲು ಹೋದಾಗ, ನಿಮ್ಮ ಸಾಲವನ್ನು ಬ್ಯಾಂಕಿನ ಸಾಲ ತೀರುವ ತನಕ ಮುಟ್ಟಬಾರದು ಅಂತ ಅವರು ಬರೆಸಿಕೊಳ್ಳಬಹುದು. ಮತ್ತೆ, ಕೈಯಲ್ಲಿ ಹಣವೇ ಇಲ್ಲದ ದಿನ ನೀವು ಸಾಲ ವಾಪಸ್ ಕೇಳಿದರೆ ಕೆಲಸ ನಿಲ್ಲುತ್ತದೆ. ಅದಕ್ಕೇ ಮೊದಲ 2 ವರ್ಷ ಅಸಲು ಕೇಳುವಂತಿಲ್ಲ, ಆಮೇಲೆ ಪ್ರತಿ ತ್ರೈಮಾಸಿಕಕ್ಕೆ ಇಷ್ಟು, ಅಂತ ಬರೆದುಬಿಡಿ. ಬಡ್ಡಿಯನ್ನು ವರ್ಷಕ್ಕೆ 9% ಸರಳ ಬಡ್ಡಿ ಅಂತ ಇಟ್ಟುಕೊಂಡರೆ 9 ಲಕ್ಷಕ್ಕೆ 81,000 ರೂಪಾಯಿ ಆಗುತ್ತದೆ. ಪಾರ್ಟ್ನರಿಗೆ ಕೊಡುವ ಬಡ್ಡಿಯಲ್ಲಿ ಸಂಸ್ಥೆಯ ಖರ್ಚು ಅಂತ ಆದಾಯ ತೆರಿಗೆಯವರು ಒಪ್ಪುವುದು 12% ಸರಳ ಬಡ್ಡಿಯವರೆಗೆ ಮಾತ್ರ, ಅದೂ ಅಗ್ರಿಮೆಂಟಿನಲ್ಲಿ ಬರೆದಿದ್ದರೆ. ಬಾಯಿಮಾತಿನಲ್ಲಿ ಒಪ್ಪಿಕೊಂಡ ಬಡ್ಡಿಗೆ ಅಲ್ಲಿ ಬೆಲೆ ಇಲ್ಲ.

ಸಂಬಳದ ಕಥೆಯೂ ಹೀಗೇ. ಅಗ್ರಿಮೆಂಟ್ ಏನೂ ಹೇಳದಿದ್ದರೆ ಪಾರ್ಟ್ನರಿಗೆ ಸಂಬಳವೇ ಇಲ್ಲ ಅನ್ನುತ್ತದೆ ಅನುಸೂಚಿ. ಮೂವರಲ್ಲಿ ಇಬ್ಬರು ಪೂರ್ಣ ಸಮಯ, ಒಬ್ಬರು ಅರ್ಧ ಸಮಯ ದುಡಿದರೂ ಹಾಗೇ. ತಿಂಗಳ ಸಂಬಳವನ್ನು, ಅದು ಹೇಗೆ ಏರುತ್ತದೆ ಅನ್ನುವುದರ ಸಮೇತ ಬರೆಯಿರಿ. 2025ರ ಏಪ್ರಿಲ್ 1ರಿಂದ, ವರ್ಷದಲ್ಲಿ ಒಬ್ಬ ಪಾರ್ಟ್ನರಿಗೆ ಕೊಡುವ ಸಂಬಳ, ಬಡ್ಡಿ, ಕಮಿಷನ್ ಎಲ್ಲ ಸೇರಿ 20,000 ರೂಪಾಯಿ ದಾಟಿದರೆ 10% ಟಿಡಿಎಸ್ ಹಿಡಿಯಬೇಕು. ಇದು ಗೊತ್ತಿಲ್ಲದೆ ತಿಂಗಳಾನುಗಟ್ಟಲೆ ಹಣ ಎತ್ತಿಕೊಂಡು ಆಮೇಲೆ ಒದ್ದಾಡುವವರು ಈಗ ತುಂಬಾ ಜನ.

ಮೇಡಂ ವಿಷಯ ಸ್ವಲ್ಪ ನಾಜೂಕು. ಅವರ ಕ್ಲೈಂಟುಗಳಿಗೆ ಒಂದು ಬೆಲೆ ಕಟ್ಟಿ, 5 ಲಕ್ಷ ಅಂದುಕೊಳ್ಳೋಣ, ಅದನ್ನು ಅವರ ಬಂಡವಾಳ ಅಂತ ತೋರಿಸೋಣ ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಂಡವಾಳ ಹಣದ ರೂಪದಲ್ಲೇ ಇರಬೇಕಾಗಿಲ್ಲ, ಮುಂದೆ ಮಾಡಿಕೊಡುವ ಸೇವೆಯ ಒಪ್ಪಂದವೂ ಬಂಡವಾಳ ಆಗಬಹುದು ಅನ್ನುವುದು ಕಾನೂನಿನಲ್ಲಿ ನಿಜವಾಗಿ ಇದೆ. ಆದರೆ ಅದಕ್ಕೆ ಚಾರ್ಟರ್ಡ್ ಅಕೌಂಟೆಂಟ್, ಕಾಸ್ಟ್ ಅಕೌಂಟೆಂಟ್ ಅಥವಾ ಸರ್ಕಾರದ ಪಟ್ಟಿಯಲ್ಲಿರುವ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಬೇಕು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಕ್ಲೈಂಟ್ ಅನ್ನುವವನು ಮೇಡಂ ಸ್ವತ್ತಲ್ಲ. ಅವನು ಒಂದು ವರ್ಷದಲ್ಲಿ ಬೇರೆಯವರ ಹತ್ತಿರ ಹೋದರೂ ಲೆಕ್ಕದ ಪುಸ್ತಕದಲ್ಲಿ ಆ 5 ಲಕ್ಷ ಹಾಗೇ ನಿಂತಿರುತ್ತದೆ, ಮೇಡಂ ಹೊರಡುವ ದಿನ ಅದನ್ನು ಹಣವಾಗಿ ಕೇಳಬಹುದು. “ನಿಜವಾಗಿ ಹಾಕಿದ ಬಂಡವಾಳ” ಅಂದರೆ ಏನು ಅನ್ನುವುದರ ಮೇಲೆ ಆಗ ಜಗಳ.

ಅವರು ತರುವ ಬೆಲೆಯನ್ನು ಬಂಡವಾಳದಲ್ಲಿ ಹುಡುಕಬೇಡಿ, ಆದಾಯದಲ್ಲಿ ಕೊಡಿ. ಅಗ್ರಿಮೆಂಟಿನ ಕೊನೆಗೆ ಅವರ ಕ್ಲೈಂಟುಗಳ ಪಟ್ಟಿ ಹಚ್ಚಿ. ಮೊದಲ 2 ವರ್ಷ, ಆ ಪಟ್ಟಿಯಲ್ಲಿರುವವರಿಂದ ಕೈಗೆ ಬಂದ ಫೀಸಿನ ಮೇಲೆ 10% ಹಣ ಲಾಭ ಹಂಚುವ ಮೊದಲೇ ಮೇಡಂ ಖಾತೆಗೆ ಹೋಗಲಿ. ಆಮೇಲೆ ಆ ಪಾಲು ನಿಲ್ಲಲಿ, ಯಾಕೆಂದರೆ ಎರಡು ವರ್ಷ ನೀವೇ ಡ್ರಾಯಿಂಗ್ ಮಾಡಿ, ಸೈಟಿಗೆ ಓಡಾಡಿ ಉಳಿಸಿಕೊಂಡ ಕ್ಲೈಂಟು ಆಗ ಸಂಸ್ಥೆಯ ಕ್ಲೈಂಟೇ. “ಕೈಗೆ ಬಂದ” ಅನ್ನುವ ಮಾತು ಮುಖ್ಯ. ಬಿಲ್ ಮಾಡಿದ್ದಕ್ಕೆಲ್ಲ 10% ಅಂದರೆ ವಸೂಲಾಗದ ಬಿಲ್ಲಿಗೂ ನೀವು ಕೊಡುತ್ತಾ ಕೂರಬೇಕು. ಇಷ್ಟಾದರೂ ಮೇಡಂ ಒಂದು ಲಕ್ಷವಾದರೂ ನಗದು ಹಾಕಿದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ತಮ್ಮ ಹಣ ಒಳಗಿದ್ದವರು ಖರ್ಚಿಗೆ ಕೈ ಎತ್ತುವಾಗ ಸ್ವಲ್ಪ ಯೋಚಿಸುತ್ತಾರೆ. ಮುಂದಿನ ಲೆಕ್ಕಕ್ಕೆ ನೀವು ಹೇಳಿದಂತೆಯೇ 12, 3, ಸೊನ್ನೆ ಅಂತ ಇಟ್ಟುಕೊಳ್ಳುತ್ತೇನೆ.

ತೀರ್ಮಾನದ ಹಕ್ಕಿಗೆ ಬರೋಣ. ಹಣದ ಅನುಪಾತದಲ್ಲಿ ವೋಟು ಅಂತ ಬರೆಯಬಹುದು, ಕಾನೂನು ಅಡ್ಡ ಬರುವುದಿಲ್ಲ. ಹಾಗೆ ಬರೆದರೆ 15ರಲ್ಲಿ 12 ನಿಮ್ಮದು, ಶೇಕಡಾ 80. ಉಳಿದಿಬ್ಬರು ಹೆಸರಿಗೆ ಪಾರ್ಟ್ನರು, ನಿಜದಲ್ಲಿ ನಿಮ್ಮ ನೌಕರರು. ಕ್ಲೈಂಟುಗಳನ್ನು ಕೈಯಲ್ಲಿಟ್ಟುಕೊಂಡವರು ಅಂಥ ಕಡೆ ಎಷ್ಟು ದಿನ ಇರುತ್ತಾರೆ ಹೇಳಿ? ನಿಮಗೆ ಬೇಕಾಗಿರುವುದು ಎಲ್ಲದರ ಮೇಲೂ ಹಿಡಿತವಲ್ಲ, ನಿಮ್ಮ ಹಣಕ್ಕೆ ಪೆಟ್ಟು ಬೀಳುವ ಕೆಲವೇ ವಿಷಯಗಳಲ್ಲಿ ಬೇಡ ಅನ್ನುವ ಹಕ್ಕು. ಆದ್ದರಿಂದ ತಲೆಗೊಂದು ವೋಟು ಹಾಗೇ ಇರಲಿ, ವಿಷಯಗಳನ್ನು ಮೂರು ಮಟ್ಟದಲ್ಲಿ ಬೇರೆ ಮಾಡಿ.

ದಿನನಿತ್ಯದ್ದು ಒಬ್ಬರೇ ಮಾಡಬಹುದು: 50,000 ರೂಪಾಯಿವರೆಗಿನ ಖರ್ಚು, ಸೈಟ್ ಭೇಟಿ, ಸಾಮಾನ್ಯ ಪತ್ರವ್ಯವಹಾರ. ಅದಕ್ಕಿಂತ ಮೇಲಿನದು, ಅಂದರೆ ಜನ ತೆಗೆದುಕೊಳ್ಳುವುದು, ಬಾಡಿಗೆ ಕರಾರು, ಒಂದು ಮಿತಿ ದಾಟಿದ ಫೀಸಿನ ಕೆಲಸ ಒಪ್ಪಿಕೊಳ್ಳುವುದು, ಮೂವರಲ್ಲಿ ಇಬ್ಬರು ಒಪ್ಪಿದರೆ ಸಾಕು. ಮೂವರೂ ಒಪ್ಪಲೇಬೇಕಾದ ಪಟ್ಟಿಯನ್ನು ಆದಷ್ಟು ಚಿಕ್ಕದಾಗಿಡಿ. ಲಾಭದ ಅನುಪಾತ, ಯಾರದೇ ಬಂಡವಾಳ ಅಥವಾ ಸಂಬಳದಲ್ಲಿ ಬದಲಾವಣೆ, ಹೊಸದಾಗಿ ಹಣ ಹಾಕಿ ಅಂತ ಕೇಳುವುದು, ಬ್ಯಾಂಕ್ ಸಾಲ, ಹೊಸ ಪಾರ್ಟ್ನರ್, ಸಂಸ್ಥೆ ಮುಚ್ಚುವುದು, ಅಗ್ರಿಮೆಂಟ್ ತಿದ್ದುವುದು, ಇಷ್ಟೇ. ಉತ್ಸಾಹದಲ್ಲಿ ಪ್ರಿಂಟರ್ ಖರೀದಿಗೂ ಮೂವರ ಒಪ್ಪಿಗೆ ಅಂತ ಬರೆದರೆ ಒಬ್ಬರು ಮುನಿಸಿಕೊಂಡ ದಿನ ಆಫೀಸೇ ನಿಲ್ಲುತ್ತದೆ. ಮೂವರಿದ್ದರೆ ಇಬ್ಬರು ಒಂದು ಕಡೆ ಒಬ್ಬರು ಒಂದು ಕಡೆ ಆಗುವುದು ಸಹಜ. ಆ ಒಬ್ಬರೇ ಪ್ರತಿ ಸಲ ಸೋಲುತ್ತಾ ಹೋದಾಗ ಅವರ ಪಾಲಿಗೆ ಉಳಿಯುವ ರಕ್ಷಣೆ ಈ ಚಿಕ್ಕ ಪಟ್ಟಿ ಒಂದೇ. ಅದು ಇವತ್ತು ನಿಮಗೆ, ನಾಳೆ ಗೆಳೆಯನಿಗೆ ಬೇಕಾಗಬಹುದು.

ಮೀಟಿಂಗಿಗೆ ಬರದೇ ಇರುವುದು ಇನ್ನೊಂದು ಆಯುಧ. 7 ದಿನದ ನೋಟಿಸ್, ಇ-ಮೇಲ್ ಸಾಕು, ಬಾರದಿದ್ದರೆ ಇನ್ನೊಂದು ದಿನಾಂಕ, ಆಗಲೂ ಬಾರದಿದ್ದರೆ ಇದ್ದ ಇಬ್ಬರೇ ಕೋರಂ. ಆದರೆ ಮೂವರ ಪಟ್ಟಿಯಲ್ಲಿರುವ ವಿಷಯಗಳಿಗೆ ಈ ಸೌಲಭ್ಯ ಇಲ್ಲ ಅಂತ ಸ್ಪಷ್ಟವಾಗಿ ಹೇಳಿ.

ಸ್ಟ್ರಕ್ಚರಲ್ ಎಂಜಿನಿಯರುಗಳಿಗೆ ಮಾತ್ರ ಹೇಳುವ ಮಾತೊಂದಿದೆ. ನಮೂನೆ ಅಗ್ರಿಮೆಂಟುಗಳಲ್ಲಿ ಇದು ಸಿಗುವುದಿಲ್ಲ. ತಾಂತ್ರಿಕ ತೀರ್ಮಾನ ವೋಟಿಗೆ ಬರಬಾರದು. ಡ್ರಾಯಿಂಗಿಗೆ ಸಹಿ ಹಾಕುವವರು ಕಂಬದ ಗಾತ್ರ ಸಾಲದು ಅಂದರೆ ಸಾಲದು. ಕ್ಲೈಂಟ್ ಕೈ ತಪ್ಪಿ ಹೋದಾನು ಅಂತ ಇಬ್ಬರು ಸೇರಿ ಆ ಸಹಿಯನ್ನು ಒತ್ತಾಯಿಸಿ ಹಾಕಿಸುವಂತಿಲ್ಲ ಅಂತ ಬರೆಯಿರಿ. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇರುವುದೂ ಇಲ್ಲೇ. ಎಲ್‌ಎಲ್‌ಪಿಯ ಸಾಲಕ್ಕೆ, ಇನ್ನೊಬ್ಬ ಪಾರ್ಟ್ನರ್ ಮಾಡಿದ ತಪ್ಪಿಗೆ ನೀವು ಸ್ವಂತವಾಗಿ ಹೊಣೆಯಲ್ಲ, ಅದು ನಿಜ. ಆದರೆ ನಿಮ್ಮದೇ ತಪ್ಪು, ನಿಮ್ಮದೇ ನಿರ್ಲಕ್ಷ್ಯ ಇದ್ದರೆ 28ನೇ ಸೆಕ್ಷನ್ ನಿಮ್ಮನ್ನು ಕಾಪಾಡುವುದಿಲ್ಲ. ಎಲ್‌ಎಲ್‌ಪಿ ಲೆಟರ್‌ಹೆಡ್ಡಿನಲ್ಲಿ ಹೋದ ಡ್ರಾಯಿಂಗಾದರೂ ಸಹಿ ಹಾಕಿದ ಎಂಜಿನಿಯರ್ ಮನೆಯತನಕ ದಾವೆ ಬರಬಹುದು. ಮೋಸ ಮಾಡುವ ಉದ್ದೇಶ ಸಾಬೀತಾದರಂತೂ ಮಾಡಿದವರ ಹೊಣೆಗೆ ಮಿತಿಯೇ ಇಲ್ಲ. ಬ್ಯಾಂಕ್ ಸಾಲಕ್ಕೆ ವೈಯಕ್ತಿಕ ಗ್ಯಾರಂಟಿ ಬರೆದುಕೊಟ್ಟರೂ ರಕ್ಷಣೆ ಅಲ್ಲಿಗೆ ಮುಗಿಯಿತು. ಯಾವ ಪಾರ್ಟ್ನರನ್ನೂ ಗ್ಯಾರಂಟಿ ಕೊಡು ಅಂತ ಒತ್ತಾಯಿಸುವಂತಿಲ್ಲ ಅನ್ನುವುದನ್ನೂ ಸೇರಿಸಿಬಿಡಿ.

ಇನ್ನೊಂದು ತಪ್ಪು ನಂಬಿಕೆ: 50,000 ಮಿತಿ ಅಂತ ಒಳಗೆ ಬರೆದರೆ ಹೊರಗಿನವರಿಗೂ ಅದು ಅನ್ವಯಿಸುತ್ತದೆ ಅಂತ. ಇಲ್ಲ. ಪ್ರತಿ ಪಾರ್ಟ್ನರೂ ಎಲ್‌ಎಲ್‌ಪಿಯ ಏಜೆಂಟ್. ಅವರಿಗೆ ಅಧಿಕಾರ ಇಲ್ಲ ಅಂತ ಗೊತ್ತಿಲ್ಲದ ಅಂಗಡಿಯವನು ಎರಡು ಲಕ್ಷದ ಆರ್ಡರ್ ತೆಗೆದುಕೊಂಡರೆ ಸಂಸ್ಥೆ ಕೊಡಲೇಬೇಕು. ಆಮೇಲೆ ಒಳಗೊಳಗೆ ಆ ಪಾರ್ಟ್ನರ್ ಮೇಲೆ ಹಾಕಿಕೊಳ್ಳಬಹುದು, ಅಷ್ಟೇ. ಬ್ಯಾಂಕಿಗೆ ಕೊಡುವ ಸಹಿ ಅಧಿಕಾರದ ಪತ್ರದಲ್ಲಿ ಅದೇ ಮಿತಿ ಹಾಕಿಸಿ. ಹಣ ಹೊರಗೆ ಹೋಗುವ ಬಾಗಿಲು ಅದೊಂದೇ.

ಇನ್ನು ಬಿಟ್ಟು ಹೋಗುವ ವಿಷಯ. ಇದಕ್ಕೆ ನಿಧಾನವಾಗಿ ಕೂತು ಲೆಕ್ಕ ಹಾಕಬೇಕು. ಮೂರನೇ ವರ್ಷದ ಡಿಸೆಂಬರ್ 31ಕ್ಕೆ ನಿಮ್ಮ ಗೆಳೆಯ ಹೊರಡುತ್ತಾನೆ ಅಂದುಕೊಳ್ಳಿ. ಲಾಭದ ಪಾಲು ಮೂವರಿಗೂ ಸಮ. ಆ ದಿನ ಬ್ಯಾಂಕಿನಲ್ಲಿ 9 ಲಕ್ಷ ಇದೆ. ಬಿಲ್ ಮಾಡಿ ಇನ್ನೂ ಬಾರದ ಫೀಸು 24 ಲಕ್ಷ. ಕಂಪ್ಯೂಟರು, ಉಪಕರಣ ಪುಸ್ತಕದ ಬೆಲೆಯಲ್ಲಿ 4 ಲಕ್ಷ. ಸಂಸ್ಥೆ ಬೇರೆಯವರಿಗೆ ಕೊಡಬೇಕಾದದ್ದು 8 ಲಕ್ಷ. ಕೆಲಸ ಆಗಿದೆ, ಬಿಲ್ ಆಗಿಲ್ಲ, ಅಂಥದ್ದು 7 ಲಕ್ಷ. ತೆರಿಗೆಯನ್ನು ಲೆಕ್ಕ ಸರಳವಾಗಲಿ ಅಂತ ಬಿಟ್ಟಿದ್ದೇನೆ.

ಅಗ್ರಿಮೆಂಟ್ ಸುಮ್ಮನಿದ್ದರೆ ಕಾಯ್ದೆ ಹೇಳುವುದು: ಹಾಕಿದ ಬಂಡವಾಳ, ಜೊತೆಗೆ ಆ ದಿನದವರೆಗೆ ಕೂಡಿದ ಲಾಭದಲ್ಲಿ ಪಾಲು, ಕೂಡಿದ ನಷ್ಟ ಕಳೆದು. ನೀವು ಬಿಲ್ ಮಾಡಿದ ದಿನವೇ ಆದಾಯ ಬರೆಯುವ ಪದ್ಧತಿಯಲ್ಲಿ ಲೆಕ್ಕ ಇಟ್ಟಿದ್ದರೆ 9, 24, 4 ಕೂಡಿ 37, ಅದರಲ್ಲಿ 8 ಹೋದರೆ 29, ಬಂಡವಾಳ 15 ತೆಗೆದರೆ ಕೂಡಿದ ಲಾಭ 14 ಲಕ್ಷ. ಗೆಳೆಯನ ಪಾಲು 4.67, ಬಂಡವಾಳ 3, ಒಟ್ಟು 7.67 ಲಕ್ಷ. ಅದೇ ನೀವು ಹಣ ಬಂದಾಗ, ಹೋದಾಗ ಮಾತ್ರ ಬರೆಯುವ ಪದ್ಧತಿ ಇಟ್ಟಿದ್ದರೆ? ಎಲ್‌ಎಲ್‌ಪಿ ಕಾಯ್ದೆ ಎರಡನ್ನೂ ಒಪ್ಪುತ್ತದೆ. ಆಗ ಬಾರದ 24 ಪುಸ್ತಕದಲ್ಲಿಲ್ಲ, ಕೊಡಬೇಕಾದ 8 ಕೂಡ ಇಲ್ಲ. 9 ಮತ್ತು 4 ಸೇರಿ 13, ಬಂಡವಾಳ 15, ಅಂದರೆ 2 ಲಕ್ಷ ನಷ್ಟ. ಗೆಳೆಯನಿಗೆ 3ರಲ್ಲಿ 67 ಸಾವಿರ ಕಳೆದು 2.33 ಲಕ್ಷ.

ಅದೇ ಸಂಸ್ಥೆ, ಅದೇ ದಿನ, ಅದೇ ದುಡಿಮೆ. ಒಂದು ಕಡೆ 7.67, ಇನ್ನೊಂದು ಕಡೆ 2.33. ಅಕೌಂಟೆಂಟ್ ಯಾವ ಪದ್ಧತಿ ಹಿಡಿದರು ಅನ್ನುವುದರ ಮೇಲೆ ಗೆಳೆಯನ ಮೂರು ವರ್ಷದ ಬೆಲೆ ನಿಂತುಬಿಟ್ಟಿತು. ಎರಡು ಲೆಕ್ಕದಲ್ಲೂ ಆ ಬಿಲ್ ಆಗದ 7 ಲಕ್ಷ ಎಲ್ಲೂ ಕಾಣಲಿಲ್ಲ ಅನ್ನುವುದನ್ನೂ ಗಮನಿಸಿ. ಮತ್ತೆ 7.67 ಲಕ್ಷವನ್ನೇ ಕೊಡಬೇಕು ಅಂತಾದರೆ ಬ್ಯಾಂಕಿನಲ್ಲಿರುವುದು 9. ಕೊಟ್ಟ ಮೇಲೆ 1.33 ಉಳಿಯುತ್ತದೆ, ಸಂಸ್ಥೆಯಿಂದ ಹಣ ಬರಬೇಕಾದವರು 8 ಲಕ್ಷಕ್ಕೆ ಬಾಗಿಲಲ್ಲಿ ನಿಂತಿರುತ್ತಾರೆ. ಉಳಿದಿಬ್ಬರು ಆ ತಿಂಗಳು ಸಂಬಳ ಎತ್ತುವ ಹಾಗಿಲ್ಲ.

ಅದಕ್ಕೆ ನಾನು ಬರೆಯುವ ಸೂತ್ರ ಬೇರೆ. ಲೆಕ್ಕದ ಪದ್ಧತಿ ಯಾವುದೇ ಇರಲಿ, ಹೊರಡುವ ದಿನಕ್ಕೆ ಒಂದು ಪ್ರತ್ಯೇಕ ಪಟ್ಟಿ ಮಾಡಬೇಕು: ಯಾರು ಎಷ್ಟು ಕೊಡಬೇಕು, ನಾವು ಯಾರಿಗೆ ಎಷ್ಟು ಕೊಡಬೇಕು, ಯಾವ ಕೆಲಸ ಯಾವ ಹಂತದಲ್ಲಿದೆ. ಹಂತವನ್ನು ಕ್ಲೈಂಟ್ ಜೊತೆಗಿನ ಫೀಸ್ ಕರಾರಿನಲ್ಲಿರುವ ಹಂತಗಳ ಪ್ರಕಾರವೇ ಅಳೆಯಿರಿ, ಇಲ್ಲದಿದ್ದರೆ ಅರ್ಧ ಮುಗಿದಿತ್ತು, ಇಲ್ಲ ಕಾಲು ಮುಗಿದಿತ್ತು ಅಂತ ಶುರುವಾಗುತ್ತದೆ. ಬಂಡವಾಳ 90 ದಿನದಲ್ಲಿ ಕೊಡಬೇಕು. ಉಳಿದ ಪಾಲು ಆ ಪಟ್ಟಿಯಲ್ಲಿರುವ ಹಣ ಬಂದ ಹಾಗೆ, ತ್ರೈಮಾಸಿಕಕ್ಕೊಮ್ಮೆ ಲೆಕ್ಕ ತೋರಿಸಿ, 18 ತಿಂಗಳವರೆಗೆ. ಬಾರದೇ ಹೋದದ್ದಕ್ಕೆ ಮೂವರೂ ಹೊಣೆ.

ನಮ್ಮ ಉದಾಹರಣೆಯಲ್ಲಿ 24ರಲ್ಲಿ 6 ಲಕ್ಷ ಮುಳುಗಿತು, 18 ಬಂತು ಅನ್ನಿ. ಬಿಲ್ ಆಗದ 7 ಪೂರ್ತಿ ಬಂತು. ಆಗ 9, 18, 4, 7 ಸೇರಿ 38, ಕೊಡಬೇಕಾದ 8 ಹೋಗಿ 30, ಬಂಡವಾಳ ತೆಗೆದರೆ 15, ಗೆಳೆಯನ ಪಾಲು 5. ಬಂಡವಾಳ ಸೇರಿ 8 ಲಕ್ಷ. ಮೊತ್ತ ಹೆಚ್ಚುಕಮ್ಮಿ ಮೊದಲ ಲೆಕ್ಕದಷ್ಟೇ ಆಯಿತು, ಆದರೆ ಸಂಸ್ಥೆ ಮೊದಲು ಹೊರಗೆ ಹಾಕಿದ್ದು 3 ಮಾತ್ರ, ಉಳಿದ 5 ಬಂದ ಹಣದಿಂದಲೇ ಹೋಯಿತು. ಇದರಲ್ಲಿ ಹೊರಡುವವನಿಗೆ ಒಂದು ಅಪಾಯ ಇದೆ, ಮುಚ್ಚಿಡುವುದಿಲ್ಲ. ಅವನು ಹೋದ ಮೇಲೆ ಉಳಿದವರು ವಸೂಲಿಗೆ ಉದಾಸೀನ ಮಾಡಬಹುದು, ಅಥವಾ ಹಳೇ ಬಿಲ್ಲಿಗೆ ರಿಯಾಯಿತಿ ಕೊಟ್ಟು ಅದೇ ಕ್ಲೈಂಟಿನಿಂದ ಹೊಸ ಕೆಲಸ ಹಿಡಿಯಬಹುದು. ಪಟ್ಟಿಯಲ್ಲಿರುವ ಬಿಲ್ಲಿಗೆ ಹೊರಟವರ ಒಪ್ಪಿಗೆ ಇಲ್ಲದೆ ರಿಯಾಯಿತಿ ಕೊಟ್ಟರೆ ಪೂರ್ತಿ ಹಣ ಬಂತು ಅಂತಲೇ ಲೆಕ್ಕ ಹಿಡಿಯುವುದು ಅಂತ ಒಂದು ವಾಕ್ಯ ಸೇರಿಸಿದರೆ ಅದು ನಿಲ್ಲುತ್ತದೆ.

ಗುಡ್‌ವಿಲ್, ಅಂದರೆ ಸಂಸ್ಥೆಯ ಹೆಸರಿಗೆ ಕಟ್ಟುವ ಬೆಲೆ, ಕೊಡಬೇಕಾ? ಮೂವರ ಕೈಚಳಕದ ಮೇಲೆ ನಡೆಯುವ ಸಣ್ಣ ಸಂಸ್ಥೆಗೆ ಬೇಡ ಅನ್ನುವುದೇ ನನ್ನ ನಿಲುವು, ಹೋಗುವವರು ತಮ್ಮ ಹೆಸರನ್ನೂ ಜೊತೆಗೇ ತೆಗೆದುಕೊಂಡು ಹೋಗುತ್ತಾರೆ. ಕೊಡುವುದೇ ಆದರೆ ತೆರಿಗೆ ನೋಡಿಕೊಳ್ಳಿ. 2021ರ ತಿದ್ದುಪಡಿ ಆದ ಮೇಲೆ, ಹೊರಡುವ ಪಾರ್ಟ್ನರಿಗೆ ಅವರ ಬಂಡವಾಳ ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ಕೊಟ್ಟರೆ ಆ ಹೆಚ್ಚಿನ ಹಣಕ್ಕೆ ಎಲ್‌ಎಲ್‌ಪಿಯೇ ಬಂಡವಾಳ ಲಾಭದ ತೆರಿಗೆ ಕಟ್ಟಬೇಕಾಗಬಹುದು. ಪ್ರತಿ ವರ್ಷದ ಲಾಭವನ್ನು ಆಯಾ ವರ್ಷವೇ ಪಾರ್ಟ್ನರುಗಳ ಖಾತೆಗೆ ಜಮಾ ಮಾಡುತ್ತಾ ಬಂದರೆ ಈ ಕಾಟ ಬಹುಮಟ್ಟಿಗೆ ಇರುವುದಿಲ್ಲ.

ನೋಟಿಸ್ ಅವಧಿ ಬರೆಯದಿದ್ದರೆ 30 ದಿನ. ನಿಮ್ಮ ಕೆಲಸದಲ್ಲಿ ಅದು ತೀರಾ ಕಡಿಮೆ, ಒಂದು ಕಟ್ಟಡದ ಪಾಯದ ಡ್ರಾಯಿಂಗ್ ಕೊಟ್ಟು ಮೇಲಿನ ಮಹಡಿಗೆ ಮುಂಚೆ ಮಾಯವಾಗಬಹುದು. 6 ತಿಂಗಳು ಇಡಿ, ಜೊತೆಗೆ ಸಹಿ ಹಾಕಿದ ಕೆಲಸಗಳನ್ನು ಯಾರಿಗೆ, ಯಾವ ಡಿಸೈನ್ ಲೆಕ್ಕಗಳ ಸಮೇತ ಒಪ್ಪಿಸಬೇಕು ಅಂತ ಬರೆಯಿರಿ.

ತೆಗೆದುಹಾಕುವುದು ಬೇರೆ ವಿಷಯ. ಅಗ್ರಿಮೆಂಟಿನಲ್ಲಿ ಸ್ಪಷ್ಟವಾಗಿ ಅಧಿಕಾರ ಕೊಟ್ಟಿರದಿದ್ದರೆ ಬಹುಮತದಿಂದ ಯಾವ ಪಾರ್ಟ್ನರನ್ನೂ ಹೊರಹಾಕಲು ಆಗುವುದಿಲ್ಲ. ಕೆಲಸಕ್ಕೇ ಬಾರದವನನ್ನು ಇಟ್ಟುಕೊಂಡು ಲಾಭದ ಪಾಲು ಕೊಡುತ್ತಾ ಇರುವ ಸಂಸ್ಥೆಗಳು ಹೀಗೇ ಸಿಕ್ಕಿಬಿದ್ದಿರುತ್ತವೆ. ಹಾಗಂತ “ಇಬ್ಬರು ಒಪ್ಪಿದರೆ ಸಾಕು” ಅಂತಷ್ಟೇ ಬರೆದರೆ ನೀವೇ ಹೋಗಬಹುದು. ಕಾರಣಗಳನ್ನು ಹೆಸರಿಸಿ: ಹಣದ ದುರುಪಯೋಗ, ಗುಟ್ಟಾಗಿ ಅದೇ ಕೆಲಸವನ್ನು ಹೊರಗೆ ಮಾಡುವುದು, ಇಂತಿಷ್ಟು ತಿಂಗಳು ಕಾರಣವಿಲ್ಲದೆ ಗೈರು. ಲಿಖಿತ ನೋಟಿಸ್, ಉತ್ತರಕ್ಕೆ ಸಮಯ, ಆಮೇಲೆ ಇಬ್ಬರ ಒಪ್ಪಿಗೆ. ಹೊರಹಾಕಿದರೂ ಬಂಡವಾಳ ಮುಟ್ಟುಗೋಲು ಅಂತ ಬರೆಯಬೇಡಿ, ಅದು ಜಗಳವನ್ನು ಇನ್ನಷ್ಟು ಉದ್ದ ಮಾಡುತ್ತದೆ, ಅಷ್ಟೇ. ಮರಣ ಸಂಭವಿಸಿದರೆ ವಾರಸುದಾರರು ಪಾರ್ಟ್ನರ್ ಆಗುವುದಿಲ್ಲ, ಅವರಿಗೆ ಸಲ್ಲುವುದು ಹಣ. ಮೇಲಿನ ಸೂತ್ರವೇ ಅಲ್ಲಿಗೂ ಸಾಕು.

ಹೋದವರು ಕ್ಲೈಂಟುಗಳನ್ನು ಕರೆದುಕೊಂಡು ಹೋದರೆ? ಮೇಡಂ ವಿಷಯದಲ್ಲಿ ನಿಮ್ಮ ನಿಜವಾದ ಭಯ ಇದೇ ಇರಬೇಕು. ಎರಡು ವರ್ಷ ಎಲ್ಲೂ ಕೆಲಸ ಮಾಡಬಾರದು ಅಂತ ನಮೂನೆಗಳಲ್ಲಿ ಜೋರಾಗಿ ಬರೆದಿರುತ್ತಾರೆ. ಒಬ್ಬರ ವೃತ್ತಿಗೆ ತಡೆ ಹಾಕುವ ಕರಾರು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅನೂರ್ಜಿತ. ಮಾಮೂಲಿ ಪಾಲುದಾರಿಕೆಗೆ ಪಾಲುದಾರಿಕೆ ಕಾಯ್ದೆಯಲ್ಲಿ ಇದಕ್ಕೆ ವಿನಾಯಿತಿ ಇದೆ, ಆದರೆ ಆ ಕಾಯ್ದೆ ಎಲ್‌ಎಲ್‌ಪಿಗೆ ಅನ್ವಯಿಸುವುದಿಲ್ಲ. ಆ ಷರತ್ತನ್ನು ನಂಬಿಕೊಂಡು ಕೂರಬೇಡಿ. ಹಣದ ದಾರಿ ಹಿಡಿಯಿರಿ: ಹೊರಟ 18 ತಿಂಗಳೊಳಗೆ ಸಂಸ್ಥೆಯ ಚಾಲ್ತಿ ಕೆಲಸವನ್ನು ಅವರೇ ಮುಂದುವರಿಸಿದರೆ, ಆ ಕೆಲಸದ ಬಿಲ್ ಆಗದ ಪಾಲನ್ನು ಅವರಿಗೆ ಕೊಡಬೇಕಾದ ಮೊತ್ತದಿಂದ ಕಳೆಯುವುದು. ಸಂಸ್ಥೆಯ ಡ್ರಾಯಿಂಗ್ ಫೈಲುಗಳು ಸಂಸ್ಥೆಯವು, ಆದರೆ ತಾವು ಸಹಿ ಹಾಕಿದ್ದರ ಪ್ರತಿ ಅವರು ಇಟ್ಟುಕೊಳ್ಳಬಹುದು, ನಾಳೆ ದಾವೆ ಬಂದರೆ ಅದು ಅವರಿಗೆ ಬೇಕು.

ದಾವೆ ಅಂದೆನಲ್ಲ. ಪಾರ್ಟ್ನರ್ ಆಗಿದ್ದಾಗ ಆದ ಹೊಣೆ ಬಿಟ್ಟು ಹೋದ ಮಾತ್ರಕ್ಕೆ ತೀರುವುದಿಲ್ಲ. ಕಟ್ಟಡದಲ್ಲಿ ಬಿರುಕು ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ವೃತ್ತಿ ಹೊಣೆಯ ವಿಮೆ ಸಾಮಾನ್ಯವಾಗಿ ಕ್ಲೇಮ್ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿದೆಯಾ ಅಂತ ನೋಡುತ್ತದೆ, ತಪ್ಪು ಆದ ದಿನ ಅಲ್ಲ. ಅಂದರೆ ಹೋದ ಗೆಳೆಯನ ಹಳೇ ಸಹಿಗೆ ರಕ್ಷಣೆ ಇರಬೇಕಾದರೆ ಉಳಿದವರು ಪ್ರೀಮಿಯಂ ಕಟ್ಟುತ್ತಲೇ ಇರಬೇಕು, ಮಾಜಿ ಪಾರ್ಟ್ನರೂ ಆ ಪಾಲಿಸಿಯೊಳಗೆ ಬರಬೇಕು. ಎಷ್ಟು ವರ್ಷ, ಸಂಸ್ಥೆ ಮುಚ್ಚಿದರೆ ಯಾರು ಕಟ್ಟಬೇಕು, ಇದನ್ನು ವಿಮೆಯವರ ಷರತ್ತು ಪಕ್ಕದಲ್ಲಿಟ್ಟುಕೊಂಡು ಬರೆಯಿರಿ.

ಕೊನೆಗೆ ಫೈಲಿಂಗ್. ನೋಂದಣಿ ಆದ 30 ದಿನದೊಳಗೆ ಅಗ್ರಿಮೆಂಟಿನ ವಿವರವನ್ನು ಫಾರ್ಮ್ 3ರಲ್ಲಿ ಹಾಕಬೇಕು, ಅದಕ್ಕೇ ನಿಮ್ಮ ಏಜೆಂಟ್ ಅವಸರ ಮಾಡುತ್ತಿರಬಹುದು. ಆಮೇಲೆ ತಿದ್ದಬಹುದು, ಆದರೆ ಪ್ರತಿ ತಿದ್ದುಪಡಿಗೂ ಮತ್ತೆ ಸ್ಟಾಂಪ್ ಕಾಗದ, ಮತ್ತೆ ಫಾರ್ಮ್ 3, ಅದಕ್ಕಿಂತ ಮುಖ್ಯವಾಗಿ ಮತ್ತೆ ಮೂವರ ಒಪ್ಪಿಗೆ. ಪಾರ್ಟ್ನರ್ ಹೋದರೆ 30 ದಿನದಲ್ಲಿ ಫಾರ್ಮ್ 4. ಇದನ್ನು ಹಾಕುವವರೆಗೆ, ಬಿಟ್ಟಿದ್ದು ಗೊತ್ತಿಲ್ಲದ ಹೊರಗಿನವರ ಪಾಲಿಗೆ ಹೋದವರು ಇನ್ನೂ ಪಾರ್ಟ್ನರೇ. ಉಳಿದವರು ಹಾಕಲಾರರು ಅಂತ ಅನುಮಾನ ಬಂದರೆ ಹೋದವರೇ ನೇರವಾಗಿ ರಿಜಿಸ್ಟ್ರಾರಿಗೆ ಸಲ್ಲಿಸಬಹುದು. ಸಂಸ್ಥೆಯಿಂದ 15 ದಿನದಲ್ಲಿ ಉತ್ತರ ಬಾರದಿದ್ದರೆ ರಿಜಿಸ್ಟ್ರಾರ್ ಅದನ್ನು ದಾಖಲು ಮಾಡಿಕೊಳ್ಳುತ್ತಾರೆ. ಕ್ಲೈಂಟುಗಳಿಗೂ ಬ್ಯಾಂಕಿಗೂ ಅದೇ ವಾರ ಒಂದು ಪತ್ರ ಕಳಿಸಿ, ಪ್ರತಿ ಇಟ್ಟುಕೊಳ್ಳಿ.